ಅರ್ಜಿಯೊಳಗೊಂದು ಕಿವಿಮಾತು

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು 'ವಿಕಲಚೇತನರು ಮತ್ತು ಉದ್ಯೋಗ' ಅಂತ ವಿಷಯ ಕೊಟ್ಟಿದ್ದರು. ಅಷ್ಟು ದೊಡ್ಡದನ್ನು ಹೊರುವ ಶಕ್ತಿ ನನಗಿಲ್ಲ ಅಂದೆ. ಹನ್ನೊಂದು ವರ್ಷ ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಅರ್ಜಿ ಓದುವ ಕೆಲಸ ಮಾಡಿದವನು ನಾನು. ಹಾಗಾಗಿ ಅರ್ಜಿಯ ಒಂದೇ ಒಂದು ಪ್ಯಾರಾದ ಬಗ್ಗೆ ಮಾತಾಡುತ್ತೇನೆ. ಕಿವಿ ಕೇಳದಿರುವುದನ್ನು, ಕಾಲಿನ ತೊಂದರೆಯನ್ನು, ಹಳೆಯ ಕಾಯಿಲೆಯನ್ನು ಆ ಕವರಿಂಗ್ ಲೆಟರ್‌ನಲ್ಲಿ ಬರೆಯಬೇಕೋ ಬೇಡವೋ, ಬರೆದರೆ ಹೇಗೆ ಅನ್ನುವ ಪ್ಯಾರಾ.

ಮೊದಲೇ ಒಂದು ವಿಷಯ ಬೇರೆ ಮಾಡಿಬಿಡೋಣ. ಸರ್ಕಾರಿ ಹುದ್ದೆಗೆ ಹಾಕುತ್ತೀರಿ ಅಂದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಮೀಸಲಾತಿ ಬೇಕಿದ್ದರೆ ಅರ್ಜಿ ನಮೂನೆಯಲ್ಲೇ ಕೇಳಿಕೊಳ್ಳಬೇಕು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಕೈಯಲ್ಲಿರಬೇಕು. ಆ ಕಾಲಂ ಖಾಲಿ ಬಿಟ್ಟು, ಆಮೇಲೆ ಕಚೇರಿ ಬಾಗಿಲಲ್ಲಿ ನಿಂತು ಬೇಡಿಕೊಂಡವರನ್ನು ನೋಡಿದ್ದೇನೆ. ಪ್ರಯೋಜನವಾಗಲಿಲ್ಲ. ಇನ್ನು ಮುಂದೆ ನಾನು ಹೇಳುವುದೆಲ್ಲ ಖಾಸಗಿ ಕೆಲಸದ್ದು.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಮಲೆನಾಡಿನ ಕಡೆಯವಳು, ಬಿಕಾಂ ಮಾಡಿದ್ದಳು. ಟ್ಯಾಲಿ ಚೆನ್ನಾಗಿ ಬರುತ್ತಿತ್ತು. ಊರಿನ ಆಡಿಟರ್ ಒಬ್ಬರ ಹತ್ತಿರ ಒಂದೂವರೆ ವರ್ಷ ಕೂತು ಜಿಎಸ್‌ಟಿಆರ್-1, 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಎರಡನ್ನೂ ಕೈಯಾರೆ ಫೈಲ್ ಮಾಡಿದ್ದಳು. ಎರಡೂ ಕಿವಿಗೆ ಮಷೀನು. ಎದುರು ಕೂತು ಮಾತಾಡಿದರೆ ತುಟಿ ನೋಡಿಕೊಂಡು, ಮಷೀನಿನ ಸಹಾಯದಿಂದ ಹೆಚ್ಚುಕಡಿಮೆ ಎಲ್ಲ ತಿಳಿಯುತ್ತದೆ. ಫೋನಿನಲ್ಲಿ ಗುರುತಿಲ್ಲದ ದನಿ ಬಂದರೆ ಅರ್ಧ ತಪ್ಪುತ್ತದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ಜಾಹೀರಾತು ಬಂದಾಗ ಅವಳು ನನ್ನ ಹತ್ತಿರ ಬಂದಳು. ಬರುವಾಗ ಹಿಂದೆ ಬೇರೆ ಬೇರೆ ಕಡೆಗೆ ಕಳಿಸಿದ್ದ ಎರಡು ಅರ್ಜಿ ತಂದಿದ್ದಳು.

ಮೊದಲನೆಯದು ಶುರುವಾಗುವುದೇ ಹೀಗೆ: "ನಾನು ಹುಟ್ಟಿನಿಂದ ಶ್ರವಣದೋಷವುಳ್ಳ ಬಡ ಕುಟುಂಬದ ಹೆಣ್ಣುಮಗಳಾಗಿದ್ದು, ತಾವು ದಯಮಾಡಿ ಅವಕಾಶ ಕೊಟ್ಟು ಸಹಕರಿಸಬೇಕಾಗಿ ಪ್ರಾರ್ಥನೆ." ಜೊತೆಗೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ, ಆಸ್ಪತ್ರೆಯ ಆಡಿಯೋಗ್ರಾಂ. ಟ್ಯಾಲಿ ವಿಷಯ ಎರಡನೇ ಪುಟದಲ್ಲಿ. ಇಂಥ ಅರ್ಜಿ ಓದುವವನ ಮನಸ್ಸಿನಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ಆ ಕುರ್ಚಿಯಲ್ಲಿ ನಾನೇ ಕೂತಿದ್ದೆ. ಅಯ್ಯೋ ಪಾಪ ಅನ್ನಿಸುತ್ತದೆ. ಪಾಪ ಅನ್ನಿಸಿದವರ ಅರ್ಜಿಯನ್ನು ಯಾರೂ ಹರಿದು ಹಾಕುವುದಿಲ್ಲ, ಆಮೇಲೆ ನೋಡೋಣ ಅಂತ ಪಕ್ಕಕ್ಕಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಎರಡನೆಯದರಲ್ಲಿ ಕಿವಿಯ ಸುದ್ದಿಯೇ ಇಲ್ಲ. ಯಾರೋ ಗೆಳತಿ ಹೇಳಿಕೊಟ್ಟಿದ್ದಳಂತೆ, ಮುಚ್ಚಿಟ್ಟುಬಿಡು ಅಂತ. ಅರ್ಜಿ ಚೆನ್ನಾಗಿತ್ತು, ಮೂರನೇ ದಿನಕ್ಕೆ ಫೋನ್ ಬಂತು. ಅವಳು ಬಸ್‌ಸ್ಟ್ಯಾಂಡಿನಲ್ಲಿದ್ದಳು. "ಪ್ರೆಸೆಂಟ್ ಸಿಟಿಸಿ ಎಷ್ಟು?" ಅಂತ, ಅಂದರೆ ಈಗಿನ ಸಂಬಳ ಎಷ್ಟು ಅಂತ, ಅವರು ಕೇಳಿದ್ದು, ಇವಳಿಗೆ ಯಾವ ಸಿಟಿ ಅಂತ ಕೇಳಿಸಿತು, ಊರಿನ ಹೆಸರು ಹೇಳಿದಳು. ಎರಡು ಸಲ ಹಾಗಾಯಿತು. ಅವರು ಥ್ಯಾಂಕ್ಯೂ ಅಂತ ಇಟ್ಟರು. ಇಂಥ ಕಡೆ ಎಚ್.ಆರ್. ಶೀಟಿನಲ್ಲಿ ಏನು ಬರೆಯುತ್ತಾರೆ ಗೊತ್ತೇ? 'ಕಮ್ಯುನಿಕೇಶನ್ ವೀಕ್.' ನಾನೂ ಹಾಗೆ ಬರೆದಿದ್ದೇನೆ, ಎಷ್ಟು ಜನರ ಬಗ್ಗೆಯೋ. ಅವರಲ್ಲಿ ಎಷ್ಟು ಜನಕ್ಕೆ ಕಿವಿ ಮಂದವಿತ್ತೋ ನನಗೆ ತಿಳಿಯಲೇ ಇಲ್ಲ. ಈ ಮಾತು ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ.

ಈ ಎರಡು ಅರ್ಜಿ ಪಕ್ಕ ಪಕ್ಕ ಇಟ್ಟಾಗ ನನಗೆ ಹೊಳೆದದ್ದು ಇಷ್ಟು. ಹೇಳಬೇಕೋ ಬೇಡವೋ ಅನ್ನುವುದಕ್ಕೆ ಧೈರ್ಯ, ಪ್ರಾಮಾಣಿಕತೆ ಅಂತೆಲ್ಲ ತೂಗುತ್ತ ಕೂರಬೇಡಿ. ಅರ್ಜಿ ಕಳಿಸಿದ ಮೇಲೆ ಏನೇನು ನಡೆಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೋನ್ ಕರೆ, ಆನ್‌ಲೈನ್ ಟೆಸ್ಟ್, ಮುಖಾಮುಖಿ ಸಂದರ್ಶನ, ಮೆಡಿಕಲ್, ಕೆಲಸದ ಮೊದಲ ವಾರ. ನಿಮ್ಮ ತೊಂದರೆ ಮೊದಲು ಅಡ್ಡ ಬರುವುದು ಎಲ್ಲಿ? ಅದಕ್ಕಿಂತ ಒಂದು ಹೆಜ್ಜೆ ಮುಂಚೆ ಹೇಳಿ. ಈ ಹುಡುಗಿಗೆ ಅಡ್ಡ ಬರುತ್ತಿದ್ದದ್ದು ಮೊದಲ ಫೋನ್ ಕರೆಯಲ್ಲಿ. ಅದಕ್ಕಿಂತ ಮುಂಚೆ ಇರುವುದು ಅರ್ಜಿ ಒಂದೇ. ಹಾಗಾಗಿ ಅವಳು ಅರ್ಜಿಯಲ್ಲೇ ಹೇಳಬೇಕಿತ್ತು. ಗಾಲಿಕುರ್ಚಿ ಬಳಸುವವರಿಗೆ ಫೋನಿನಲ್ಲಿ ಏನೂ ತೊಂದರೆಯಿಲ್ಲ, ಸಂದರ್ಶನದ ದಿನ ನಿಗದಿಯಾದಾಗ, "ಕಚೇರಿ ಯಾವ ಮಹಡಿ, ಲಿಫ್ಟ್ ಇದೆಯೇ?" ಅಂತ ಕೇಳಿದರೆ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಅರ್ಜಿಯಲ್ಲಿ ಅದನ್ನು ಬರೆಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸರಿ, ಮೂರನೇ ಅರ್ಜಿ ಇಬ್ಬರೂ ಕೂತು ಬರೆದೆವು. ಮೊದಲ ಪ್ಯಾರಾದಲ್ಲಿ ಹುದ್ದೆ, ಒಂದೂವರೆ ವರ್ಷದ ಕೆಲಸ. ಎರಡನೆಯದರಲ್ಲಿ ಎಷ್ಟು ಗ್ರಾಹಕರ ರಿಟರ್ನ್ ನೋಡಿಕೊಳ್ಳುತ್ತಿದ್ದಳು, ಖರೀದಿ ಲೆಕ್ಕವನ್ನು ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯ ಜೊತೆ ಹೇಗೆ ತಾಳೆ ನೋಡುತ್ತಿದ್ದಳು ಅನ್ನುವುದು. ಮೂರನೇ ಪ್ಯಾರಾ, ಕೊನೆಯ ವಂದನೆಗಿಂತ ಮುಂಚೆ, ಹೀಗಿತ್ತು:

"ನನಗೆ ಕಿವಿ ಮಂದವಾಗಿದ್ದು ಶ್ರವಣ ಸಾಧನ ಬಳಸುತ್ತೇನೆ. ಎದುರುಬದುರು ಮಾತುಕತೆಗೆ ತೊಂದರೆಯಿಲ್ಲ. ಫೋನ್ ಬದಲು ವಾಟ್ಸಾಪ್ ಅಥವಾ ಇ-ಮೇಲ್‌ನಲ್ಲಿ ಸಂಪರ್ಕಿಸಿದರೆ ಅಂದೇ ಉತ್ತರಿಸುತ್ತೇನೆ. ಆಡಿಟರ್ ಕಚೇರಿಯಲ್ಲಿ ಗ್ರಾಹಕರ ಜೊತೆಗಿನ ವ್ಯವಹಾರವನ್ನು ಹೀಗೆಯೇ ನಡೆಸುತ್ತಿದ್ದೆ."

ಅಷ್ಟೇ. ಇದರಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ಹುಟ್ಟಿನಿಂದಲೋ ಜ್ವರ ಬಂದೋ ಅನ್ನುವ ಇತಿಹಾಸವಿಲ್ಲ. ಎಷ್ಟು ಡೆಸಿಬಲ್ ಅಂತಿಲ್ಲ. ಕಾನೂನಿನ ಪಟ್ಟಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟಕ್ಕೆ ಒಂದು ಹೆಸರು, 70ಕ್ಕೆ ಇನ್ನೊಂದು ಹೆಸರು ಇದೆ, ಆದರೆ ಅಕೌಂಟ್ಸ್ ಮ್ಯಾನೇಜರಿಗೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಸುಮ್ಮನೆ ಗಾಬರಿಯಾಗುತ್ತದೆ. 'ಆದರೂ', 'ಹೊರತಾಗಿಯೂ' ಅನ್ನುವ ಪದಗಳಿಲ್ಲ. ಕಾರ್ಡ್ ಲಗತ್ತಿಸಲಿಲ್ಲ. ಅದರ ಮೇಲೆ ಅಂಗವೈಕಲ್ಯದ ವಿಧ, ಶೇಕಡಾವಾರು ಎಲ್ಲ ಅಚ್ಚಾಗಿರುತ್ತದೆ. ಕೇಳಿದವರಿಗೆ, ಕೇಳಿದಾಗ ಕೊಟ್ಟರಾಯಿತು. ಕೊನೆಯ ವಾಕ್ಯ ಮಾತ್ರ ನನ್ನ ಹಟದಿಂದ ಬಂದದ್ದು. ಓದುವವನಿಗೆ ಏಳುವ ಮೊದಲ ಪ್ರಶ್ನೆ "ಹಾಗಾದರೆ ಕೆಲಸ ಹೇಗೆ ಮಾಡ್ತಾಳೆ?" ಅನ್ನುವುದು. ಅವನು ಊಹೆ ಮಾಡಿಕೊಳ್ಳುವ ಮುಂಚೆ ಉತ್ತರ ಅಲ್ಲೇ ಸಿಗಲಿ ಅಂತ.

ಅಲ್ಲಿ ಸುಳ್ಳು ಬರೆಯುವ ಹಾಗಿಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಮೊದಲ ಕರಡಿನಲ್ಲಿ ಅವಳು "ಯಾವ ತೊಂದರೆಯೂ ಇಲ್ಲ" ಅಂತ ಬರೆದಿದ್ದಳು. ಹತ್ತು ಜನರ ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಅಂತ ಕೇಳಿದೆ. ಸುಮ್ಮನಾದಳು. ಆ ಸಾಲು 'ಎದುರುಬದುರು ಮಾತುಕತೆಗೆ' ಅಂತ ಬದಲಾಯಿತು.

ಚಿಕಿತ್ಸೆಗಾಗಿ ಎರಡು ವರ್ಷ ಮನೆಯಲ್ಲಿದ್ದವರಿಗೂ ಇದೇ ಲೆಕ್ಕ ಸ್ವಲ್ಪ ಬೇರೆ ರೀತಿ ಅನ್ವಯಿಸುತ್ತದೆ. ಅವರಿಗೆ ಅಡ್ಡ ಬರುವುದು ರೆಸ್ಯೂಮೆಯಲ್ಲಿನ ಖಾಲಿ ಜಾಗ, ಅದು ಅರ್ಜಿಯ ಜೊತೆಗೇ ಹೋಗುತ್ತದೆ. "2021ರಿಂದ 2023ರವರೆಗೆ ಆರೋಗ್ಯದ ಕಾರಣ ಬಿಡುವು ತೆಗೆದುಕೊಂಡಿದ್ದೆ, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧನಿದ್ದೇನೆ" ಅಂದರೆ ಸಾಕು, ರೋಗದ ಹೆಸರು ಬೇಡ. ಆದರೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆಯುತ್ತಿದೆ ಅನ್ನಿ. ಆಗ 'ಪೂರ್ಣಾವಧಿ ಸಿದ್ಧ' ಅನ್ನುವುದು ಮೊದಲ ವಾರವೇ ಮುರಿದು ಬೀಳುತ್ತದೆ. ಸಂಬಳದ ಮಾತು ಬರುವ ಹೊತ್ತಿಗಾದರೂ ಯಾವ ದಿನ, ಎಷ್ಟು ಗಂಟೆಗೆ ಹೊರಡಬೇಕು ಅಂತ ಹೇಳಿಬಿಡಬೇಕು.

ಫಿಟ್ಸ್ ಬರುವವರು ನನ್ನನ್ನು ತುಂಬಾ ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಮೂರ್ಛೆರೋಗದ ಹೆಸರಿಲ್ಲ. ಮೇಜಿನ ಕೆಲಸಕ್ಕೆ ಅರ್ಜಿ ಹಾಕುವಾಗ ನಾನಾದರೆ ಅದನ್ನು ಬರೆಯುವುದಿಲ್ಲ. ಬೈಕಿನಲ್ಲಿ ಅಂಗಡಿ ಅಂಗಡಿ ಸುತ್ತುವ ಸೇಲ್ಸ್ ಕೆಲಸವಾದರೆ ಮಾತು ಬೇರೆ. ಲೈಸೆನ್ಸಿಗೆ ಕೊಡುವ ಫಾರಂ 1ರಲ್ಲೇ, ಮೂರ್ಛೆ ಬರುತ್ತದೆಯೇ ಅಂತ ಸ್ವಯಂಘೋಷಣೆ ಕೇಳುತ್ತಾರೆ. ಅಂಥ ಕೆಲಸಕ್ಕೆ ಅರ್ಜಿಯನ್ನೇ ಹಾಕಬೇಡಿ, ಅದೇ ಕಂಪನಿಯ ಒಳಗಿನ ಹುದ್ದೆ ಹುಡುಕಿ. ಇನ್ನೊಂದು ಮಾತು: ಅರ್ಜಿಯಲ್ಲಿ ಸುಮ್ಮನಿರುವುದು ಬೇರೆ, ಆಫರ್ ಬಂದ ಮೇಲೆ ಮೆಡಿಕಲ್ ಫಾರಂನಲ್ಲಿ ನೇರವಾಗಿ ಕೇಳಿದಾಗ 'ಇಲ್ಲ' ಅಂತ ಟಿಕ್ ಹಾಕುವುದು ಬೇರೆ. ಎರಡನೆಯದು ಮುಂದೊಂದು ದಿನ ಕೆಲಸಕ್ಕೇ ಸಂಚಕಾರ ತರಬಹುದು. ಎಚ್‌ಐವಿ ವಿಷಯದಲ್ಲಿ ಮಾತ್ರ 2017ರ ಕಾಯ್ದೆ ಸ್ಪಷ್ಟವಾಗಿದೆ, ಕೆಲಸ ಕೊಡುವುದಕ್ಕೆ ಅದರ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ.

ಕಾನೂನು ನಮ್ಮ ಬೆನ್ನಿಗಿಲ್ಲವೇ ಸಾರ್ ಅಂತ ಕೇಳುತ್ತೀರಿ. ಇದೆ. ತಾರತಮ್ಯ ಮಾಡಬಾರದು ಅಂತ 2016ರ ಕಾಯ್ದೆಯಲ್ಲಿದೆ. ಶೇಕಡಾ 40 ಇಲ್ಲದವರೂ ಸಮಂಜಸ ಹೊಂದಾಣಿಕೆ, ಅಂದರೆ ತಮ್ಮ ತೊಂದರೆಗೆ ತಕ್ಕ ಅನುಕೂಲ, ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ, ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ವಿರುದ್ಧ ಹೋದ ಪ್ರಕರಣದಲ್ಲಿ ಹೇಳಿದೆ. ಆದರೆ ಅರ್ಜಿಗೆ ಉತ್ತರವನ್ನೇ ಕೊಡದ ಕಂಪನಿಯ ಮೇಲೆ ನೀವು ಏನನ್ನು ಸಾಬೀತು ಮಾಡುತ್ತೀರಿ? ಬ್ರಿಟನ್ನಿನಲ್ಲಿ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ, ಕೆಲವು ಸಂದರ್ಭ ಬಿಟ್ಟರೆ, ಆಫರ್ ಕೊಡುವ ಮುಂಚೆ ಆರೋಗ್ಯದ ಪ್ರಶ್ನೆ ಕೇಳುವ ಹಾಗಿಲ್ಲ. ಅಲ್ಲಿಗೆ ಹೋಗುವ ನಮ್ಮ ಹುಡುಗರು ಇಲ್ಲಿನ ಅಭ್ಯಾಸದಲ್ಲಿ ಎಲ್ಲವನ್ನೂ ಮೊದಲೇ ಬರೆದುಬಿಡುತ್ತಾರೆ. ನಮ್ಮಲ್ಲಿ ಅಂಥ ತಡೆಯಿಲ್ಲ.

ಕಾನೂನಿನಿಂದ ಅರ್ಜಿದಾರನಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಒಂದು ಸಣ್ಣ ಸಂಗತಿ. 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ತನ್ನ ಸಮಾನ ಅವಕಾಶ ನೀತಿಯಲ್ಲಿ ವಿಕಲಚೇತನರಿಗೆ ಏನು ಸೌಲಭ್ಯ, ಅವರ ನೇಮಕಾತಿ ನೋಡಿಕೊಳ್ಳುವ ಅಧಿಕಾರಿ ಯಾರು ಅಂತ ಹೇಳಬೇಕು. ಅರ್ಜಿ ಹಾಕುವ ಮುಂಚೆ ಕಂಪನಿಯ ವೆಬ್‌ಸೈಟಿನ ಕೆಳತುದಿಯಲ್ಲಿ ಅದನ್ನು ಹುಡುಕಿ. ಎಷ್ಟೋ ಕಡೆ ಇರುವುದಿಲ್ಲ. ಇದ್ದರೆ ನಿಮ್ಮ ಆ ಪ್ಯಾರಾವನ್ನು ಧೈರ್ಯವಾಗಿ ಹಾಕಬಹುದು, ಅರ್ಜಿಯ ಒಂದು ಪ್ರತಿಯನ್ನು ಆ ಅಧಿಕಾರಿಗೂ ಕಳಿಸಬಹುದು.

ಹುಡುಗಿಯ ಕಥೆ ಅರ್ಧಕ್ಕೆ ನಿಂತಿತು. ಐದನೇ ದಿನ ವಾಟ್ಸಾಪಿನಲ್ಲಿ ಮೆಸೇಜ್ ಬಂತು, ಬುಧವಾರ ಹನ್ನೊಂದಕ್ಕೆ ಬನ್ನಿ ಅಂತ. ಹೋದಳು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಮಷೀನು ಧಡ್ ಧಡ್ ಅನ್ನುತ್ತಿತ್ತು. "ಬಾಗಿಲು ಹಾಕಿಕೊಳ್ಳಬಹುದಾ ಸಾರ್?" ಅಂತ ಕೇಳಿದಳಂತೆ, ಹಾಕಿದರು. ಕಿವಿಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಒಬ್ಬನೇ ವ್ಯಕ್ತಿಯಾಗಿರುವ ಲೇಬರ್ ಕಾಂಟ್ರಾಕ್ಟರ್‌ಗೆ ಸೆಕ್ಷನ್ 194ಸಿ ಅಡಿ ಟಿಡಿಎಸ್ ಎಷ್ಟು ಹಿಡಿಯುತ್ತೀರಿ ಅಂತ ಕೇಳಿದರು. ಇವಳು ಶೇಕಡಾ 2 ಅಂದಳು. ವ್ಯಕ್ತಿಗೆ 1, ಕಂಪನಿಗೆ 2. ಕೆಲಸ ಬೇರೆಯವರಿಗೆ ಹೋಯಿತು. ಸಂಜೆ ನನಗೆ ಮೆಸೇಜ್ ಹಾಕಿದಳು: "ಟಿಡಿಎಸ್ ತಪ್ಪಿ ಹೋಯ್ತು ಸಾರ್." ಕೆಳಗೆ ನಗುವ ಮುಖದ ಚಿತ್ರ. ಯಾಕೆ ನಗ್ತಿದ್ದೀಯಮ್ಮ ಅಂದೆ. "ಫಸ್ಟ್ ಟೈಮ್ ಸಾರ್, ಟಿಡಿಎಸ್‌ಗೋಸ್ಕರ ರಿಜೆಕ್ಟ್ ಆಗಿದ್ದು."

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರು ಮೈಕ್ ತಗೊಳ್ಳಿ, ನನಗೂ ಈಗ ಎಡಗಿವಿ ಸ್ವಲ್ಪ ಕಡಿಮೆ.