ಮಾರ್ಚ್ ಸಂಬಳ ಯಾವ ವರ್ಷದ್ದು?

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯ ವಾರದಲ್ಲಿ ಅಂಗಡಿ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇನೆ. ಡೆಬಿಟ್, ಕ್ರೆಡಿಟ್ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ತಾಳೆಪಟ್ಟಿ ಎರಡೂ ಕಡೆ ಸರಿಹೋದ ಕೂಡಲೇ "ಲಾಭ ಇಷ್ಟು" ಅಂತ ಹೇಳಿಬಿಡುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಆ ಆತುರದಿಂದ ಇಬ್ಬರು ಗೆಳೆಯರು ಮಾತು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವತ್ತು ಮುಖ್ಯವಾಗಿ ಹೇಳೋದು ಅದನ್ನೇ.

2018ರ ಏಪ್ರಿಲ್ 1ರಂದು ಒಂದು ತಾಲ್ಲೂಕು ಊರಿನಲ್ಲಿ ಇಬ್ಬರು ಸೇರಿ ಪ್ರಿಂಟಿಂಗ್ ಪ್ರೆಸ್ ಶುರು ಮಾಡಿದರು. ಸಮ ಪಾಲು. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಶಾಲೆಯ ಡೈರಿ ಅಂತ ಒಳ್ಳೆಯ ಕೆಲಸ ಬಂತು. ವರ್ಷ ತುಂಬುವ ಹೊತ್ತಿಗೆ ಹಿರಿಯ ಪಾಲುದಾರರು ಮಗನ ಊರಿಗೆ ಹೋಗಬೇಕಾಯಿತು. ಮಾರ್ಚ್ 31ರ ರಾತ್ರಿ ಇಬ್ಬರೂ ಕೂತು ಲೆಕ್ಕ ಮುಗಿಸಿದರು. ಪುಸ್ತಕದಲ್ಲಿ ಲಾಭ 4,20,000 ರೂಪಾಯಿ. ತಲಾ 2,10,000. ಹಿರಿಯರು ಬಂಡವಾಳದ ಜೊತೆ ತಮ್ಮ ಪಾಲು ತಗೊಂಡು ಹೊರಟರು. ಜಗಳ ಇಲ್ಲ, ತಕರಾರಿಲ್ಲ.

ಏಪ್ರಿಲ್ ಮಧ್ಯದಲ್ಲಿ ಕಿರಿಯರು ಲೆಡ್ಜರ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. "ಸರ್, ಹತ್ತು ದಿನದಿಂದ ಬರೀ ದುಡ್ಡು ಕೊಡ್ತಾನೇ ಇದ್ದೀನಿ. ಅಣ್ಣನ ಪಾಲಿಗೆ ಲಾಭ ಬಂತು, ನನ್ನ ಪಾಲಿಗೆ ಎಲ್ಲಿ?" ಅಂದರು. ಏಪ್ರಿಲ್ ತಿಂಗಳ ಪುಟ ತೆಗೆದೆ. 7ನೇ ತಾರೀಕು ಸಂಬಳ 95,000. ಎರಡು ದಿನ ಬಿಟ್ಟು ಕರೆಂಟ್ ಬಿಲ್ 14,000. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿದೆ: ಇದರ ಉಪಯೋಗ ಯಾವ ತಿಂಗಳಿಗೆ ಆಯ್ತು? ಕೆಲಸಗಾರರು ದುಡಿದದ್ದು ಮಾರ್ಚ್‌ನಲ್ಲಿ. ಮೆಷಿನ್ ಓಡಿದ್ದು ಮಾರ್ಚ್‌ನಲ್ಲಿ. ಆ ಕೆಲಸದಿಂದ ಬಂದ ಆದಾಯ ಮಾರ್ಚ್ ಲೆಕ್ಕದಲ್ಲೇ ಇದೆ. ಖರ್ಚು ಮಾತ್ರ ಏಪ್ರಿಲ್‌ಗೆ ಜಾರಿದೆ. ಸಂಬಳದ ಖಾತೆ ಎಣಿಸಿ ನೋಡಿ ಅಂದೆ. ಅವರು ಬೆರಳಿಟ್ಟು ಎಣಿಸಿದರು. ಹನ್ನೊಂದೇ ತಿಂಗಳು.

"ಸಾಲ ಏನಾದರೂ ಇದೆಯಾ?" ಅಂತ ಕೇಳಿದೆ. ಪರಿಚಯದವರ ಹತ್ತಿರ ಜುಲೈ 1ರಂದು 6 ಲಕ್ಷ ತಂದಿದ್ದರು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಆರು ತಿಂಗಳಿಗೊಮ್ಮೆ ಕೊಡೋದು. ಡಿಸೆಂಬರ್ ಕೊನೆಗೆ 36,000 ಕೊಟ್ಟಾಗಿತ್ತು. ಜನವರಿಯಿಂದ ಮಾರ್ಚ್‌ವರೆಗಿನ 18,000 ಯಾವ ಪುಸ್ತಕದಲ್ಲೂ ಇಲ್ಲ. ಬಡ್ಡಿಗೆ ಯಾರೂ ಬಿಲ್ ಕಳಿಸಲ್ಲ. ಅದು ಸದ್ದಿಲ್ಲದೆ ದಿನದಿನಕ್ಕೂ ಬೆಳೆಯುತ್ತದೆ. ಎಲ್ಲಕ್ಕಿಂತ ಜಾಸ್ತಿ ಮರೆತುಹೋಗೋದು ಇದೇ. ಮೂರೂ ಕೂಡಿದರೆ ಬಾಕಿ ಖರ್ಚು 1,27,000.

ಇನ್ನೊಂದು ಕಡೆಯೂ ನೋಡಬೇಕಲ್ವಾ? ಹೋದವರಿಗೆ ಅನ್ಯಾಯ ಆಗಬಾರದು. ಅಕ್ಟೋಬರ್ 1ರಂದು ಒಂದು ವರ್ಷಕ್ಕೆ ಬೆಂಕಿ ವಿಮೆ ಕಟ್ಟಿದ್ದರು, 24,000. ಪೂರ್ತಿ ಖರ್ಚಿಗೆ ಬರೆದಿದ್ದರು. ಆದರೆ ಮಾರ್ಚ್ 31ಕ್ಕೆ ಕಳೆದದ್ದು ಆರೇ ತಿಂಗಳು. 12,000 ರೂಪಾಯಿಯ ವಿಮೆ ಇನ್ನೂ ಕೈಯಲ್ಲಿದೆ. ಜನವರಿ 1ರಂದು ಮೆಷಿನ್ ಸರ್ವಿಸ್ ಕಾಂಟ್ರಾಕ್ಟ್‌ಗೆ 36,000 ಕಟ್ಟಿದ್ದರು. ಅದರಲ್ಲಿ ಮೂರು ತಿಂಗಳು ಮುಗಿದು ಒಂಬತ್ತು ತಿಂಗಳು ಬಾಕಿ. ಅದು 27,000. ಒಟ್ಟು 39,000 ಮುಂಗಡ ಖರ್ಚು. ಗೋದಾಮಿನಲ್ಲಿ ಉಳಿದ ಕಾಗದದ ಹಾಗೆ ಇದೂ ಇನ್ನೂ ಬಳಸದೆ ಉಳಿದ ಸ್ವತ್ತು.

ಈಗ ಲೆಕ್ಕ ಮಾಡಿ. 4,20,000ದಲ್ಲಿ 1,27,000 ಕಳೆಯಿರಿ, 39,000 ಕೂಡಿಸಿ. ಲಾಭ 3,32,000. ತಲಾ 1,66,000. ಹೋದವರು 44,000 ಜಾಸ್ತಿ ತಗೊಂಡು ಹೋಗಿದ್ದರು. ಮೋಸ ಮಾಡಿ ಅಲ್ಲ, ಯಾರೂ ಕೇಳಲಿಲ್ಲ ಅಂತ. ಫೋನ್ ಮಾಡಿ ಹೇಳಿದಾಗ ಅವರು "ಲೆಕ್ಕ ಇಬ್ಬರೂ ಸೇರಿ ನೋಡಿದ್ವಲ್ಲ, ತಾಳೆ ಆಗಿತ್ತಲ್ಲ" ಅಂದರು.

ತಾಳೆ ಆಗಿತ್ತು, ನಿಜ. ಬರೆಯದೇ ಬಿಟ್ಟ ಖರ್ಚು ಡೆಬಿಟ್‌ನಲ್ಲೂ ಇಲ್ಲ, ಕ್ರೆಡಿಟ್‌ನಲ್ಲೂ ಇಲ್ಲ. ಮತ್ತೆ ತಾಳೆ ತಪ್ಪುವುದು ಹೇಗೆ? ಪುಸ್ತಕದೊಳಗೆ ಎಷ್ಟು ಹುಡುಕಿದರೂ ಇದು ಸಿಗಲ್ಲ. ಅದಕ್ಕೇ ವರ್ಷದ ಕೊನೆಗೆ ಹೊಂದಾಣಿಕೆ ನಮೂದು ಅಂತ ಬೇರೆಯಾಗಿ ಕೂತು ಬರೆಯಬೇಕು. ಸಂಬಳ ಖಾತೆಗೆ 95,000 ಡೆಬಿಟ್, ಬಾಕಿ ಸಂಬಳ ಖಾತೆಗೆ ಕ್ರೆಡಿಟ್. ಮುಂಗಡ ವಿಮೆ ಖಾತೆಗೆ 12,000 ಡೆಬಿಟ್, ವಿಮೆ ಖರ್ಚಿಗೆ ಕ್ರೆಡಿಟ್. ಬಾಕಿಯದ್ದು ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯ ಕಡೆ ಹೋಗುತ್ತದೆ, ಮುಂಗಡದ್ದು ಆಸ್ತಿಯ ಕಡೆ.

ಟೀ ಕುಡಿಯುವಾಗ ನಿಮ್ಮಲ್ಲೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಹೋದ ವರ್ಷದ ಮಾರ್ಚ್ ಸಂಬಳ ಈ ವರ್ಷಕ್ಕೆ ಬರುತ್ತೆ, ಈ ವರ್ಷದ್ದು ಮುಂದಕ್ಕೆ ಹೋಗುತ್ತೆ. ಹೇಗಿದ್ದರೂ ಹನ್ನೆರಡು ತಿಂಗಳು ಆಯ್ತಲ್ಲ ಸರ್?" ಸಂಖ್ಯೆ ಹನ್ನೆರಡೇ, ಒಪ್ಪಿದೆ. ಆದರೆ ಅದೇ ಪ್ರೆಸ್ಸಿನಲ್ಲಿ ಮರುವರ್ಷ ಇಬ್ಬರು ಹೊಸಬರು ಸೇರಿ ಮಾರ್ಚ್ ಸಂಬಳ 1,25,000 ಆಯಿತು ಅಂದುಕೊಳ್ಳಿ. ಲೆಕ್ಕದಲ್ಲಿ ಬಂದದ್ದು ಹಳೆಯ 95,000. ಲಾಭ 30,000 ಸುಮ್ನೆ ಉಬ್ಬಿತು. ಊರು ಬೆಳೆದಂತೆ, ಅಂಗಡಿ ಬೆಳೆದಂತೆ, ಈ ಉಬ್ಬು ಪ್ರತಿ ವರ್ಷ ಇರುತ್ತದೆ. ಮೊದಲ ವರ್ಷ, ಕೊನೆಯ ವರ್ಷ, ಪಾಲುದಾರರು ಬದಲಾದ ವರ್ಷ ಅಂತೂ ಸರಿದೂಗುವ ಮಾತೇ ಇಲ್ಲ. ಹಾಗಾಗಿ ಮತ್ತೆ ಅದೇ ಪ್ರಶ್ನೆ: ಉಪಯೋಗ ಯಾವ ತಿಂಗಳಿಗೆ ಆಯ್ತು?

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಿಲ್ಡಿಂಗ್ ಅಡ್ವಾನ್ಸ್ ಅನ್ನು ಮುಂಗಡ ಖರ್ಚಿಗೆ ಸೇರಿಸಬೇಡಿ. ಹೆಸರು ಅಡ್ವಾನ್ಸ್ ಅಂತಿದ್ದರೂ ಅದು ಖಾಲಿ ಮಾಡುವಾಗ ವಾಪಸ್ ಬರುವ ಠೇವಣಿ, ತಿಂಗಳು ಕಳೆದಂತೆ ಕರಗಲ್ಲ. ದೀಪಾವಳಿ ಬೋನಸ್ ಪದ್ಧತಿ ಇದ್ದರೆ, ಮಾರ್ಚ್‌ವರೆಗೆ ದುಡಿದದ್ದಕ್ಕೆ ಮುಂದಿನ ದೀಪಾವಳಿಗೆ ಕೊಡುವುದನ್ನೂ ಈಗಲೇ ಬಾಕಿ ತೋರಿಸಿ. ಕರೆಂಟ್ ಬಿಲ್ ಇನ್ನೂ ಬಂದಿಲ್ಲ ಅಂದರೆ ಫೆಬ್ರವರಿ ಬಿಲ್ ನೋಡಿ ಅಂದಾಜು ಹಾಕಿ. ನೂರಿನ್ನೂರು ಆಚೀಚೆ ಆದರೆ ಮುಂದಿನ ವರ್ಷಕ್ಕೆ ಹೋಗಲಿ. ಪೇಪರ್ ಚಂದಾ ಥರದ ಚಿಲ್ಲರೆಗೆ ಇಷ್ಟೆಲ್ಲ ಬೇಕಿಲ್ಲ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಿಗೆ ಮಾತ್ರ ಆಯ್ಕೆ ಇಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಂ ಪ್ರಕಾರ ಹೀಗೇ ಲೆಕ್ಕ ಇಡಬೇಕು.

ಒಂದು ತಪ್ಪು ಮಾತ್ರ ಬಿಡಿಸಿ ಹೇಳಲೇಬೇಕು. ಬಾಕಿ ಸಂಬಳ ಅಂತ ಮಾರ್ಚ್‌ನಲ್ಲಿ ಬರೆದಿರುತ್ತೀರಿ. ಏಪ್ರಿಲ್ 7ಕ್ಕೆ ದುಡ್ಡು ಕೊಟ್ಟಾಗ ಲೆಕ್ಕ ಬರೆಯುವ ಹುಡುಗ ಅಭ್ಯಾಸಬಲದಿಂದ ಮತ್ತೆ ಸಂಬಳ ಖಾತೆಗೇ ಹಾಕುತ್ತಾನೆ. ಒಂದೇ ಖರ್ಚು ಎರಡು ಸಲ ಬಂತು. ಆ ಪಾವತಿ ಬಾಕಿ ಸಂಬಳ ಖಾತೆಗೆ ಹೋಗಿ ಅದನ್ನು ಸೊನ್ನೆ ಮಾಡಬೇಕು. ಇಲ್ಲವೇ ಏಪ್ರಿಲ್ 1ರಂದೇ ಮಾರ್ಚ್ ನಮೂದನ್ನು ತಿರುವಿ ಹಾಕಬೇಕು. ಜೂನ್‌ನಲ್ಲಿ ಒಮ್ಮೆ ಆ ಖಾತೆ ತೆಗೆದು ನೋಡಿ. 95,000 ಹಾಗೇ ಕೂತಿದ್ದರೆ ತಪ್ಪು ಆಗಿದೆ ಅಂತಲೇ ಅರ್ಥ.

ಆ ಇಬ್ಬರ ಕಥೆ ಏನಾಯ್ತು ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಹಿರಿಯರು ಮೂರು ತಿಂಗಳು ಫೋನ್ ಎತ್ತಲಿಲ್ಲ. ಆಮೇಲೆ ನಾನೇ ಆ ಐದು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಪಕ್ಕ ಅದು ಯಾವ ತಿಂಗಳದ್ದು ಅಂತ ಗುರುತು ಹಾಕಿ ಕಳಿಸಿದೆ. ಸಂಬಳದ ಹನ್ನೊಂದು ವೋಚರ್‌ಗಳ ಜೆರಾಕ್ಸ್ ಕೂಡ ಇಟ್ಟಿದ್ದೆ. ಎರಡು ಕಂತಿನಲ್ಲಿ ಪೂರ್ತಿ 44,000 ವಾಪಸ್ ಬಂತು.