ಸ್ಟಾರ್ ನೋಡುವ ಮೊದಲು ಮಡಿ ಎಣಿಸಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ಪೊನ್ನಂಪೇಟೆ ಕಡೆ ಎಂಎಸ್ಸಿ ಓದುವ ಮಕ್ಕಳು ನನಗೆ ಆಗಾಗ ವಾಟ್ಸಾಪ್‌ನಲ್ಲಿ ಗ್ರಾಫಿನ ಫೋಟೊ ಕಳಿಸುತ್ತಾರೆ. ಯಾವುದೋ ಸಂಶೋಧನಾ ಲೇಖನದ ಚಿತ್ರ. ಎರಡು ಕಂಬ, ತುದಿಯಲ್ಲಿ ಸಣ್ಣ ಗೆರೆ, ಮೇಲೆ ಎರಡು ಸ್ಟಾರ್. "ಸರ್, ಎರಡು ಸ್ಟಾರ್ ಇದೆ. ಗೊಬ್ಬರ ಚೆನ್ನಾಗಿ ಕೆಲಸ ಮಾಡಿದೆ ಅಂತ ತಾನೇ?" ಅಂತ ಕೇಳುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಚಿತ್ರದ ಕೆಳಗಿನ ವಿವರಣೆ ಕತ್ತರಿಸಿಹೋಗಿದ್ದರೆ ಆ ಫೋಟೊದಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಮೊದಲು ಆ ಎರಡು ಸಾಲು ತರಿಸಿಕೊಳ್ಳಿ.

ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿ ನಾನೇ ಇಟ್ಟುಕೊಂಡಿದ್ದೇನೆ. ನರ್ಸರಿಯಲ್ಲಿ ರೋಬಸ್ಟಾ ಸಸಿಗಳಿವೆ. ಗೊಬ್ಬರ ಹಾಕದ 16 ಸಸಿಗಳ ಸರಾಸರಿ ಎತ್ತರ 20 ಸೆಂಟಿಮೀಟರ್. ಗೊಬ್ಬರ ಹಾಕಿದ 16 ಸಸಿಗಳದ್ದು 24. ಎರಡೂ ಗುಂಪಿನಲ್ಲಿ ಎಸ್‌ಡಿ, ಅಂದರೆ ಸಸಿಯಿಂದ ಸಸಿಗೆ ಇರುವ ಏರುಪೇರು, 4 ಸೆಂಟಿಮೀಟರ್.

ಕಂಬದ ತುದಿಯ ಸಣ್ಣ ಗೆರೆ, ಅಂದರೆ ಎರರ್ ಬಾರ್, ಎಸ್‌ಡಿಯದ್ದಾದರೆ ಒಂದು ಗೆರೆ 16ರಿಂದ 24ರವರೆಗೆ, ಇನ್ನೊಂದು 20ರಿಂದ 28ರವರೆಗೆ ಹೋಗುತ್ತದೆ. ಅರ್ಧಕ್ಕರ್ಧ ಒಂದರ ಮೇಲೊಂದು ಬಿದ್ದಿವೆ. ನೋಡಿದವರು ವ್ಯತ್ಯಾಸವೇ ಇಲ್ಲ ಅಂದುಕೊಳ್ಳುತ್ತಾರೆ. ಅದೇ ಅಂಕಿಗೆ ಎಸ್‌ಇಎಂ ಹಾಕಿ ನೋಡಿ. ಅದರ ಲೆಕ್ಕ ಹೀಗೆ:

SEM = SD / √n

ಇಲ್ಲಿ n ಅಂದರೆ ಗುಂಪಿನ ಸಸಿಗಳ ಸಂಖ್ಯೆ, 16. 4ನ್ನು 16ರ ವರ್ಗಮೂಲದಿಂದ, ಅಂದರೆ 4ರಿಂದ, ಭಾಗಿಸಿದರೆ 1. ಈಗ ಗೆರೆಗಳು 19ರಿಂದ 21, ಮತ್ತೆ 23ರಿಂದ 25. ಮಧ್ಯೆ ದೊಡ್ಡ ಅಂತರ! ಸಸಿ ಅದೇ, ಅಳತೆ ಅದೇ, ಗೆರೆ ಮಾತ್ರ ಬೇರೆ. ಎಸ್‌ಡಿ ಹೇಳುವುದು ಸಸಿಗಳು ಎಷ್ಟು ಚದುರಿವೆ ಅಂತ. ಎಸ್‌ಇಎಂ ಹೇಳುವುದು ಸರಾಸರಿಯನ್ನು ಎಷ್ಟು ನಿಖರವಾಗಿ ತಿಳಿದಿದ್ದೇವೆ ಅಂತ. ಹಾಗಾಗಿ ಗೆರೆ ತಾಗಿದೆಯೋ ಇಲ್ಲವೋ ಅಂತ ಕಣ್ಣಳತೆಯಲ್ಲಿ ನೋಡುವುದಕ್ಕೆ ಮುಂಚೆ ಅದು ಯಾವ ಗೆರೆ ಅಂತ ಓದಬೇಕು.

ಎಡಗಡೆಯ ಅಳತೆ ಎಲ್ಲಿಂದ ಶುರುವಾಗಿದೆ ಅಂತಲೂ ಒಮ್ಮೆ ನೋಡಿ. 18ರಿಂದ ಶುರು ಮಾಡಿದ್ದರೆ ಎರಡನೇ ಕಂಬ ಮೊದಲಿನದಕ್ಕಿಂತ ಮೂರು ಪಟ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ 4 ಸೆಂಟಿಮೀಟರ್ ಅಷ್ಟೇ.

ಇನ್ನು ಸ್ಟಾರ್. ನಮ್ಮ ಅಂಕಿಗೆ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದರೆ t ಸುಮಾರು 2.83 ಬರುತ್ತದೆ, p 0.01ಕ್ಕಿಂತ ಕಡಿಮೆ. ಸಾಮಾನ್ಯವಾಗಿ ಅದಕ್ಕೆ ಎರಡು ಸ್ಟಾರ್ ಹಾಕುತ್ತಾರೆ. ಗೊಬ್ಬರದಿಂದ ಏನೂ ಆಗದೇ ಇದ್ದಿದ್ದರೂ ಬರೀ ಏರುಪೇರಿನಿಂದ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅದರ ಅರ್ಥ. ಗೊಬ್ಬರ ಎಷ್ಟು ಒಳ್ಳೆಯದು ಅಂತ ಸ್ಟಾರ್ ಹೇಳುವುದಿಲ್ಲ. ಗುಂಪಿಗೆ 1600 ಸಸಿ ಅಳೆದಿದ್ದರೆ ಬರೀ 4 ಮಿಲಿಮೀಟರ್ ವ್ಯತ್ಯಾಸಕ್ಕೂ ಅದೇ ಎರಡು ಸ್ಟಾರ್ ಸಿಗುತ್ತದೆ. ನಾಲ್ಕು ಮಿಲಿಮೀಟರ್‌ಗೋಸ್ಕರ ಯಾವ ಬೆಳೆಗಾರ ಗೊಬ್ಬರಕ್ಕೆ ದುಡ್ಡು ಹಾಕುತ್ತಾನೆ, ಹೇಳಿ?

ನನ್ನನ್ನು ನಿಜವಾಗಿ ಕಾಡುವುದು ಇದಲ್ಲ, n. ಆ 16 ಸಸಿ ಎಲ್ಲಿದ್ದವು? ಗೊಬ್ಬರವನ್ನು ಒಂದೊಂದು ಸಸಿಗೆ ಬೇರೆ ಬೇರೆಯಾಗಿ ಚೀಟಿ ಎತ್ತಿ ಹಾಕಿದ್ದರೆ ಸರಿ, n ಹದಿನಾರೇ. ಆದರೆ ನಾಲ್ಕು ಮಡಿಗಳಿಗೆ ಗೊಬ್ಬರ ಹಾಕಿ ಪ್ರತಿ ಮಡಿಯಿಂದ ನಾಲ್ಕು ಸಸಿ ಅಳೆದಿದ್ದರೆ n ನಾಲ್ಕು. ನಮ್ಮ ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಇಳಿಜಾರಿನ ಜಾಗ, ಒಂದು ಮಡಿಗೆ ಮರದ ನೆರಳು ಜಾಸ್ತಿ, ಇನ್ನೊಂದರಲ್ಲಿ ಮಳೆ ನೀರು ನಿಲ್ಲುತ್ತದೆ. ಒಂದೇ ಮಡಿಯ ಸಸಿಗಳು ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ. ಅವನ್ನು ಬೇರೆ ಬೇರೆ ಸಾಕ್ಷಿ ಅಂತ ಎಣಿಸುವ ತಪ್ಪಿಗೆ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಸ್ಯೂಡೋರೆಪ್ಲಿಕೇಶನ್ ಅಂತ ಹೆಸರಿಟ್ಟರು.

ಲೆಕ್ಕ ಮತ್ತೆ ಮಾಡೋಣ. ಪ್ರತಿ ಮಡಿಯ ಸರಾಸರಿ ತೆಗೆದುಕೊಳ್ಳಿ. ಎರಡೂ ಗುಂಪಿನಲ್ಲಿ ಆ ನಾಲ್ಕು ಸರಾಸರಿಗಳ ಎಸ್‌ಡಿ 3 ಅಂತಿಟ್ಟುಕೊಂಡರೆ ಎಸ್‌ಇಎಂ 1.5. ಈಗ t ಸುಮಾರು 1.89. ಗುಂಪಿಗೆ ನಾಲ್ಕೇ ಮಡಿ ಇರುವಾಗ ಒಂದು ಸ್ಟಾರ್‌ಗೂ 2.45 ದಾಟಬೇಕು. ಎರಡೂ ಸ್ಟಾರ್ ಹೋದವು. 20, 24 ಮಾತ್ರ ಹಾಗೇ ಇವೆ. ಗೊಬ್ಬರ ಕೆಲಸ ಮಾಡಿಲ್ಲ ಅಂತ ಇದು ತೋರಿಸುವುದಿಲ್ಲ, ಹೇಳುವಷ್ಟು ಮಡಿ ಇರಲಿಲ್ಲ ಅಂತಷ್ಟೇ.

ಇದನ್ನು ಫೋಟೊದಲ್ಲಿ ಹಿಡಿಯಲು ಆಗುವುದಿಲ್ಲ. ಲೇಖನದ ವಿಧಾನದ ಭಾಗ ತೆರೆಯಿರಿ. ಗೊಬ್ಬರ ಹಾಕಿದ್ದು ಯಾವುದಕ್ಕೆ, ಅಂಥವು ಎಷ್ಟಿದ್ದವು ಅಂತ ಹುಡುಕಿ. ಆ ಸಂಖ್ಯೆಯನ್ನು ಚಿತ್ರದ ಕೆಳಗಿನ n ಜೊತೆ ಹೋಲಿಸಿ. n ದೊಡ್ಡದಿದ್ದರೆ ಮಡಿಯ ಪರಿಣಾಮವನ್ನು ಲೆಕ್ಕಕ್ಕೆ ತಂದ ಮಿಕ್ಸ್‌ಡ್ ಮಾಡೆಲ್ ಬಳಸಿದ್ದಾರಾ ನೋಡಿ. ಬಳಸಿದ್ದರೆ ಸರಿ. ಇಲ್ಲದಿದ್ದರೆ ನಿಮ್ಮ ಥೀಸಿಸ್‌ನಲ್ಲಿ "ವ್ಯತ್ಯಾಸ 4 ಸೆಂ.ಮೀ., ಪ್ರತಿ ಗುಂಪಿಗೆ ನಾಲ್ಕು ಮಡಿ" ಅಂತ ಬರೆಯಿರಿ. ಆ ಎರಡು ಸ್ಟಾರ್‌ಗಳನ್ನು ಎತ್ತಿಕೊಂಡು ಬರಬೇಡಿ.