ಅಕ್ಷರ ಮಸುಕಾಗದಂತೆ ಸ್ಕ್ರೀನ್ ರೆಕಾರ್ಡಿಂಗ್ ಕಿರಿದಾಗಿಸುವುದು

ನಮಸ್ಕಾರ. ನೀವು ಈಗ ನೋಡುತ್ತಿರುವುದು ಲಿಬ್ರೆ ಆಫೀಸ್‌ನ ಕ್ಯಾಲ್ಕ್ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ತಯಾರಿಸುವ ಬಗೆಯನ್ನು ತೋರಿಸಿಕೊಡಲು ನಾನು ಮಾಡಿದ ಹನ್ನೆರಡು ನಿಮಿಷಗಳ ಸ್ಕ್ರೀನ್ ರೆಕಾರ್ಡಿಂಗ್. ಇದರ ಗಾತ್ರ ಸುಮಾರು 550 ಎಂಬಿ. ಈ ಪಾಠ ತಲುಪಬೇಕಾದವರು ಹಳ್ಳಿಯ ಶಾಲೆಗಳ ಶಿಕ್ಷಕರು. ಅವರಲ್ಲಿ ಹೆಚ್ಚಿನವರು ಮೊಬೈಲ್ ಡೇಟಾದಲ್ಲಿಯೇ ಇಳಿಸಿಕೊಂಡು ಫೋನಿನಲ್ಲಿಯೇ ನೋಡುವವರು. ಹಾಗಾಗಿ ಕಡತ ಚಿಕ್ಕದಾಗಬೇಕು, ಆದರೆ ಕೋಶದೊಳಗಿನ ಸೂತ್ರವೂ ಪಕ್ಕದಲ್ಲಿರುವ ಕನ್ನಡ ಹೆಸರೂ ಓದಲು ಬರುವಂತಿರಬೇಕು.

ಗಾತ್ರ ಇಷ್ಟೊಂದು ಏಕೆ ಆಯಿತೆಂಬುದಕ್ಕೆ ಲೆಕ್ಕ ಸುಲಭವಾಗಿದೆ. ರೆಕಾರ್ಡಿಂಗ್ ತಂತ್ರಾಂಶಕ್ಕೆ ನಾನು ಕೊಟ್ಟಿದ್ದ ಬಿಟ್‌ರೇಟ್ ಸೆಕೆಂಡಿಗೆ 6000 ಕಿಲೋಬಿಟ್. ಹನ್ನೆರಡು ನಿಮಿಷವೆಂದರೆ 720 ಸೆಕೆಂಡು. ಎರಡನ್ನೂ ಗುಣಿಸಿ ಎಂಟರಿಂದ ಭಾಗಿಸಿದರೆ ಚಿತ್ರಕ್ಕೇ 540 ಎಂಬಿ ಬರುತ್ತದೆ, ಉಳಿದದ್ದು ಧ್ವನಿ. ಪರದೆಯ ಮೇಲೆ ಏನೂ ಅಲುಗಾಡದೆ ನಾನು ಬರೀ ಮಾತನಾಡುತ್ತಿದ್ದ ಹೊತ್ತಿನಲ್ಲಿಯೂ ಆ ತಂತ್ರಾಂಶ ಅಷ್ಟೇ ಬಿಟ್‌ಗಳನ್ನು ಖರ್ಚು ಮಾಡುತ್ತಲೇ ಇತ್ತು.

ಇಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ರೆಸಲ್ಯೂಷನ್ ಕಡೆಗೆ. 1080 ಸಾಲುಗಳ ಚಿತ್ರವನ್ನು 720ಕ್ಕೋ 480ಕ್ಕೋ ಇಳಿಸಿದರೆ ಗಾತ್ರ ಕಡಿಮೆಯಾಗುತ್ತದೆ ಎಂಬುದು ನಿಜ. ಮದುವೆಯ ವಿಡಿಯೊಗೆ ಅದು ನಡೆದೀತು, ಅಕ್ಷರಕ್ಕೆ ನಡೆಯುವುದಿಲ್ಲ. ಪರದೆಯ ಮೇಲಿನ ಅಕ್ಷರದ ಗೆರೆ ಹಲವೆಡೆ ಒಂದೇ ಪಿಕ್ಸೆಲ್ ದಪ್ಪವಿರುತ್ತದೆ. 1080ನ್ನು 720ಕ್ಕೆ ಇಳಿಸುವಾಗ ಮೂರು ಪಿಕ್ಸೆಲ್‌ಗಳು ಎರಡಾಗಬೇಕಾದ್ದರಿಂದ ಆ ಗೆರೆ ಅಕ್ಕಪಕ್ಕದ ಬಿಳುಪಿನೊಂದಿಗೆ ಬೆರೆತು ಬೂದು ಬಣ್ಣಕ್ಕೆ ತಿರುಗುತ್ತದೆ. ಕನ್ನಡದಲ್ಲಿ ಇದರ ಪೆಟ್ಟು ಮೊದಲು ಬೀಳುವುದು ಒತ್ತಕ್ಷರಗಳಿಗೆ ಮತ್ತು ಮಹಾಪ್ರಾಣದ ಸಣ್ಣ ಗೀಟಿಗೆ. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಬೇರೆಯಾಗುವುದು ಅಡಿಯಲ್ಲಿರುವ ಆ ಪುಟ್ಟ ಗೆರೆಯಿಂದ. ‘ಪ’ ಮತ್ತು ‘ಷ’ ಬೇರೆಯಾಗುವುದು ಹೊಟ್ಟೆಯೊಳಗಿನ ಗೆರೆಯಿಂದ. ಇಂಗ್ಲಿಷ್ ಮೆನುಗಳು ಓದಲು ಬರುವಷ್ಟು ಮಸುಕಿನಲ್ಲಿಯೂ ಈ ವ್ಯತ್ಯಾಸಗಳು ಅಳಿಸಿಹೋಗಿರುತ್ತವೆ. ಆದ್ದರಿಂದ ನಾನು ಪಿಕ್ಸೆಲ್‌ಗಳನ್ನು ಮುಟ್ಟುವುದೇ ಇಲ್ಲ. ಪರದೆಯ ಒಂದು ಭಾಗ ಪಾಠಕ್ಕೆ ಬೇಡವೆನಿಸಿದರೆ ಅದನ್ನು ಕತ್ತರಿಸಿ ತೆಗೆಯಬಹುದು, ಏಕೆಂದರೆ ಕತ್ತರಿಸಿದಾಗ ಉಳಿದ ಅಕ್ಷರಗಳು ಇದ್ದಂತೆಯೇ ಇರುತ್ತವೆ.

ಈ ಮಸುಕು ರೆಕಾರ್ಡಿಂಗ್ ಹಂತದಲ್ಲಿಯೇ ಸೇರಿಕೊಂಡಿರುವುದೂ ಉಂಟು. ಓಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ವಿಡಿಯೊ ಸೆಟ್ಟಿಂಗ್‌ನಲ್ಲಿ ಎರಡು ಅಳತೆಗಳಿವೆ: ಕ್ಯಾನ್ವಾಸ್‌ನದು ಒಂದು, ಹೊರಗೆ ಬರುವ ಚಿತ್ರದ್ದು ಇನ್ನೊಂದು. ಎರಡನೆಯದು 1280x720 ಎಂದು ತಾನಾಗಿಯೇ ಕೂತಿದ್ದರೆ ನಿಮ್ಮ ರೆಕಾರ್ಡಿಂಗ್ ಹುಟ್ಟುವಾಗಲೇ ಮಸುಕಾಗಿರುತ್ತದೆ, ಆಮೇಲೆ ಏನು ಮಾಡಿದರೂ ಅದು ತಿಳಿಯಾಗುವುದಿಲ್ಲ. ಎರಡನ್ನೂ ಮಾನಿಟರಿನ ನಿಜವಾದ ಅಳತೆಗೆ ಹೊಂದಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಪರದೆ 1366x768 ಇದ್ದರೆ ಅಷ್ಟೇ ಇರಲಿ. ಅದನ್ನು 1920x1080ಕ್ಕೆ ಹಿಗ್ಗಿಸುವುದರಿಂದ ಅಕ್ಷರವೂ ಕೆಡುತ್ತದೆ, ಕಡತವೂ ದಪ್ಪವಾಗುತ್ತದೆ. ಫೋನಿನಲ್ಲಿ ನೋಡುವವರಿಗಾಗಿ ಅಕ್ಷರ ದೊಡ್ಡದಾಗಬೇಕೆಂದರೆ ರೆಕಾರ್ಡಿಂಗ್‌ಗೆ ಮೊದಲೇ ಕ್ಯಾಲ್ಕ್‌ನ ಜೂಮ್ ಅನ್ನು 150ಕ್ಕೆ ಏರಿಸಿಕೊಳ್ಳುವುದು ಸರಿಯಾದ ದಾರಿ.

ಮೊದಲ ರೆಕಾರ್ಡಿಂಗ್ ಧಾರಾಳವಾಗಿರಲಿ ಎಂಬುದೂ ನನ್ನ ಅಭಿಪ್ರಾಯ. ಕಡತ ಚಿಕ್ಕದಾಗಲೆಂದು ರೆಕಾರ್ಡ್ ಮಾಡುವಾಗಲೇ ಬಿಟ್‌ರೇಟ್ ಇಳಿಸಿದರೆ ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದಂತೆ ನಡುಗುವ ಚುಕ್ಕೆಗಳು ಹುಟ್ಟುತ್ತವೆ. ಎರಡನೆಯ ಸಲ ಕುಗ್ಗಿಸುವ ತಂತ್ರಾಂಶಕ್ಕೆ ಅವು ಕಸವೆಂದು ತಿಳಿಯುವುದಿಲ್ಲ. ಅವನ್ನೂ ಚಿತ್ರದ ಭಾಗವೆಂದೇ ಬಗೆದು, ಅವುಗಳನ್ನು ಉಳಿಸಲು ಬಿಟ್‌ಗಳನ್ನು ಸುರಿಯುತ್ತದೆ. ಶುದ್ಧವಾದ ದೊಡ್ಡ ಕಡತವೇ ಕೊನೆಯಲ್ಲಿ ಹೆಚ್ಚು ಚಿಕ್ಕದಾಗುವುದು.

ಹಾಗಾದರೆ ಗಾತ್ರವನ್ನು ಇಳಿಸುವುದು ಎಲ್ಲಿಂದ? ವಿಡಿಯೊವನ್ನು ಕುಗ್ಗಿಸಿ ಬರೆಯುವ ಎಚ್.264 ತರಹದ ಕೋಡೆಕ್ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದು ಪೂರ್ಣ ಚಿತ್ರವನ್ನು, ಅಂದರೆ ಕೀಫ್ರೇಮ್ ಅನ್ನು, ಬರೆದ ಮೇಲೆ ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಅಂಕಪಟ್ಟಿಯಂಥ ಪರದೆಯಲ್ಲಿ ಹೆಚ್ಚಿನ ಹೊತ್ತು ಬದಲಾಗುವುದು ಮೌಸ್ ಬಾಣವೂ ಒಂದೆರಡು ಕೋಶಗಳೂ ಅಷ್ಟೇ. ಹಾಗಾಗಿ ಖರ್ಚಾಗುವುದು ಮೂರು ಕಡೆ: ಕೀಫ್ರೇಮ್‌ಗಳಲ್ಲಿ, ಇಡೀ ಪರದೆ ಸರಿಯುವ ಸ್ಕ್ರಾಲ್ ಮತ್ತು ಅನಿಮೇಷನ್‌ಗಳಲ್ಲಿ, ಮತ್ತು ಮೂಲೆಯಲ್ಲಿ ಸದಾ ಅಲುಗಾಡುವ ನಮ್ಮ ಮುಖದಲ್ಲಿ. ಮೂರನೆಯದನ್ನು ಕೇಳಿ ಕೆಲವರಿಗೆ ಬೇಸರವಾದೀತು, ಆದರೆ ವೆಬ್‌ಕ್ಯಾಮ್ ಕಿಟಕಿ ಬರೀ ಒಂದು ಮೂಲೆಯಲ್ಲಿದ್ದರೂ ಅದರೊಳಗಿನ ಚಲನೆಯೂ ಮಂದ ಬೆಳಕಿನ ಚುಕ್ಕೆಗಳೂ ಸೇರಿ ಉಳಿದ ಇಡೀ ಪರದೆಗಿಂತ ಹೆಚ್ಚು ಬಿಟ್‌ಗಳನ್ನು ತಿನ್ನಬಲ್ಲವು. ನಾನು ಆರಂಭದ ಪರಿಚಯದಲ್ಲಿ ಮಾತ್ರ ಮುಖ ತೋರಿಸಿ, ಆಮೇಲೆ ಆ ಕಿಟಕಿಯನ್ನು ತೆಗೆದುಬಿಡುತ್ತೇನೆ.

ಈಗ ಕೆಲಸಕ್ಕೆ ಬರೋಣ. ನಾನು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ. ಪರದೆಯ ಮೇಲಿರುವ ಈ ಒಂದು ಸಾಲು ಸಾಕು.

```
ffmpeg -i paatha.mkv -r 15 -c:v libx264 -preset slow -crf 21 -g 300 -pix_fmt yuv420p -c:a aac -ac 1 -b:a 64k -movflags +faststart paatha.mp4
```

ಇದರಲ್ಲಿ ಮುಖ್ಯವಾದದ್ದು `-crf 21`. ಸೆಕೆಂಡಿಗೆ ಇಷ್ಟು ಬಿಟ್ ಎಂದು ಕಟ್ಟುಹಾಕುವ ಬದಲು, ಗುಣಮಟ್ಟ ಇಷ್ಟಿರಲಿ, ಬಿಟ್‌ಗಳು ಬೇಕಾದಷ್ಟೇ ಖರ್ಚಾಗಲಿ ಎಂದು ಇದು ಹೇಳುತ್ತದೆ. ಆದ್ದರಿಂದ ಅಲುಗಾಡದ ಪರದೆಗೆ ಖರ್ಚು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೊಕ್ಕ, ಕಡತ ದೊಡ್ಡದು. ಏನೂ ಹೇಳದಿದ್ದರೆ ತಂತ್ರಾಂಶ 23ನ್ನು ಹಿಡಿಯುತ್ತದೆ, ಮತ್ತು ಆರು ಹೆಜ್ಜೆ ಮೇಲೆ ಹೋದರೆ ಗಾತ್ರ ಸುಮಾರು ಅರ್ಧವಾಗುತ್ತದೆ. ಅಕ್ಷರವಿರುವ ಪಾಠಗಳಿಗೆ 20ರಿಂದ 23ರ ಒಳಗೆ ನಿಲ್ಲುವುದು ಒಳ್ಳೆಯದು. 28ರ ಹೊತ್ತಿಗೆ ಸಣ್ಣ ಅಕ್ಷರಗಳ ಅಂಚು ಕದಡಲು ಶುರುವಾಗುತ್ತದೆ.

`-r 15` ಎಂಬುದು ಸೆಕೆಂಡಿಗೆ 60 ಇದ್ದ ಚಿತ್ರಗಳನ್ನು 15ಕ್ಕೆ ಇಳಿಸುತ್ತದೆ. ಇದರಿಂದ ಗಾತ್ರ ಕಾಲು ಭಾಗವಾಗುತ್ತದೆಂದು ನಿರೀಕ್ಷಿಸಬೇಡಿ, ಏಕೆಂದರೆ ಬದಲಾಗದ ಚಿತ್ರಗಳಿಗೆ ಮೊದಲೂ ಹೆಚ್ಚು ಖರ್ಚಾಗುತ್ತಿರಲಿಲ್ಲ. ಉಳಿತಾಯ ಆಗುವುದು ಸ್ಕ್ರಾಲ್ ಮಾಡುವಾಗ ಮತ್ತು ಮೌಸ್ ಓಡುವಾಗ. 60ನ್ನು 15 ಸರಿಯಾಗಿ ಭಾಗಿಸುವುದರಿಂದ ಚಲನೆ ಸಮನಾಗಿ ಕಾಣುತ್ತದೆ. ಹತ್ತಕ್ಕಿಂತ ಕೆಳಗೆ ಇಳಿದರೆ ಬಾಣ ಕುಪ್ಪಳಿಸತೊಡಗಿ, ಎಲ್ಲಿ ಕ್ಲಿಕ್ ಮಾಡಿದೆವೆಂಬುದೇ ನೋಡುವವರಿಗೆ ತಪ್ಪಿಹೋಗುತ್ತದೆ. `-g 300` ಎಂದರೆ ಎರಡು ಕೀಫ್ರೇಮ್‌ಗಳ ನಡುವೆ ಹೆಚ್ಚೆಂದರೆ 300 ಚಿತ್ರಗಳು, ಅಂದರೆ 20 ಸೆಕೆಂಡಿನ ಅಂತರ. ಹೊಸ ಕಿಟಕಿ ತೆರೆದು ಇಡೀ ಪರದೆ ಬದಲಾದಾಗ ತಂತ್ರಾಂಶ ತಾನೇ ನಡುವೆ ಒಂದು ಕೀಫ್ರೇಮ್ ಇಡುತ್ತದೆ. ಅಂತರವನ್ನು ಇನ್ನೂ ಹಿಗ್ಗಿಸಬಹುದು, ಆದರೆ ಆಗ ವಿಡಿಯೊವನ್ನು ಹಿಂದೆ ಮುಂದೆ ಎಳೆದಾಗ ಹಳೆಯ ಫೋನುಗಳು ತಡವರಿಸುತ್ತವೆ. ಪಾಠವನ್ನು ಮತ್ತೆ ಮತ್ತೆ ಹಿಂದಕ್ಕೆಳೆದು ನೋಡುವವರಿಗೆ ಅದು ಕಿರಿಕಿರಿ.

ಇನ್ನು `-pix_fmt yuv420p`. ಅಕ್ಷರದ ಮಸುಕಿಗೆ ಇರುವ ಎರಡನೆಯ ಕಾರಣ ಇದರಲ್ಲೇ ಅಡಗಿದೆ. ಸಾಮಾನ್ಯ ವಿಡಿಯೊದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಆದರೆ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗಳ ಚೌಕಕ್ಕೆ ಒಂದೇ ಇರುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರಕ್ಕೆ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಇರುವುದೆಲ್ಲವೂ ಬೆಳಕಿನ ವ್ಯತ್ಯಾಸವೇ. ನೀಲಿಯ ಮೇಲೆ ಕೆಂಪು ಬರೆದರೆ ಮಾತ್ರ ಎರಡರ ಹೊಳಪೂ ಹತ್ತಿರ ಹತ್ತಿರವಿರುವುದರಿಂದ ಅಕ್ಷರ ಬಣ್ಣದಿಂದಲೇ ಕಾಣಬೇಕಾಗುತ್ತದೆ, ಆ ಬಣ್ಣವೇ ಕಲಸಿಹೋಗಿರುತ್ತದೆ. ಆಗ `-crf` ಅನ್ನು ಎಷ್ಟು ಇಳಿಸಿದರೂ ಅದು ಸರಿಹೋಗುವುದಿಲ್ಲ. ಪ್ರತಿ ಪಿಕ್ಸೆಲ್‌ಗೂ ಬಣ್ಣ ಉಳಿಸುವ `yuv444p` ಎಂಬ ವಿಧಾನ ಇದೆ, ಆದರೆ ಎಚ್.264ನಲ್ಲಿ ಅದನ್ನು ಬಳಸಿದರೆ ಅನೇಕ ಫೋನುಗಳಲ್ಲಿ ಧ್ವನಿ ಮಾತ್ರ ಕೇಳಿಸಿ ಚಿತ್ರ ಬಾರದಿರಬಹುದು. ಓಬಿಎಸ್‌ನಲ್ಲಿ ಬಣ್ಣದ ಮಾದರಿಯನ್ನು I444 ಎಂದು ಇಟ್ಟು ರೆಕಾರ್ಡ್ ಮಾಡಿದವರು ಈ ಆಯ್ಕೆಯನ್ನು ಬರೆಯಲು ಮರೆತರೆ ಕುಗ್ಗಿಸಿದ ಕಡತವೂ ಅದೇ ಮಾದರಿಯಲ್ಲಿ ಬರುತ್ತದೆ. ಆದ್ದರಿಂದ ಪರಿಹಾರವನ್ನು ವಿಡಿಯೊದಲ್ಲಿ ಹುಡುಕುವುದಕ್ಕಿಂತ ಅಂಕಪಟ್ಟಿಯಲ್ಲಿಯೇ ಹುಡುಕುವುದು ಜಾಣತನ. ಅನುತ್ತೀರ್ಣರ ಅಂಕಗಳನ್ನು ಗಾಢ ಹಿನ್ನೆಲೆಯ ಮೇಲೆ ಕೆಂಪಾಗಿ ತೋರಿಸುವ ಬದಲು ತಿಳಿ ಹಳದಿಯ ಮೇಲೆ ಕಪ್ಪಾಗಿ ತೋರಿಸಿದೆ. ವಿಡಿಯೊದಲ್ಲಿ ಅದು ಅಚ್ಚಾಗಿ ಉಳಿಯಿತು.

ಧ್ವನಿಯ ವಿಷಯ ಬೇಗ ಮುಗಿಯುತ್ತದೆ. ಒಬ್ಬರ ಮಾತಿಗೆ ಒಂದೇ ಚಾನೆಲ್, ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಹನ್ನೆರಡು ನಿಮಿಷಕ್ಕೆ ಅದು ಆರು ಎಂಬಿಯ ಒಳಗೇ ಆಗುತ್ತದೆ. 160ರಲ್ಲಿ ಬಿಟ್ಟಿದ್ದರೆ ಹದಿನಾಲ್ಕು ದಾಟುತ್ತಿತ್ತು.

ಈ ಪಾಠ ಕೊನೆಗೆ ಸುಮಾರು 31 ಎಂಬಿಗೆ ಬಂದು ನಿಂತಿತು. ಸಾಲುಗಳನ್ನು ಮೇಲೆ ಕೆಳಗೆ ಓಡಿಸುವುದು ನಿಮ್ಮ ಪಾಠದಲ್ಲಿ ಹೆಚ್ಚಿದ್ದರೆ ನಿಮ್ಮ ಕಡತ ಇದಕ್ಕಿಂತ ದೊಡ್ಡದಾಗುತ್ತದೆ. ಕಡತವನ್ನು ಯಾರಿಗಾದರೂ ಕಳಿಸುವ ಮುನ್ನ ಪರೀಕ್ಷಿಸುವುದು ಹೀಗೆ: ಅಕ್ಷರಗಳು ದಟ್ಟವಾಗಿರುವ ಒಂದು ಕ್ಷಣವನ್ನು ಆರಿಸಿ, ಮೂಲದಿಂದಲೂ ಕುಗ್ಗಿಸಿದ ಕಡತದಿಂದಲೂ ಒಂದೊಂದು ಚಿತ್ರವನ್ನು ಹೊರತೆಗೆಯಿರಿ.

```
ffmpeg -ss 00:04:10 -i paatha.mp4 -frames:v 1 hosa.png
```

ಎರಡನ್ನೂ ನೂರಕ್ಕೆ ನೂರರ ಅಳತೆಯಲ್ಲಿಟ್ಟು ‘ಧ’, ‘ಷ’ ಮತ್ತು ಒತ್ತಕ್ಷರಗಳಿರುವ ಹೆಸರುಗಳನ್ನು ಹೋಲಿಸಿ ನೋಡಿ. ಎರಡನೆಯ ಪರೀಕ್ಷೆಯನ್ನು ಸ್ಕ್ರಾಲ್ ನಿಂತ ತಕ್ಷಣದ ಕ್ಷಣದಲ್ಲಿ ಮಾಡಿ. ಅಕ್ಷರಗಳು ಮೊದಲು ಕದಡಿದಂತಿದ್ದು ಅರ್ಧ ಸೆಕೆಂಡಿನ ನಂತರ ತಿಳಿಯಾದರೆ `-crf` ಅನ್ನು ಒಂದೆರಡು ಹೆಜ್ಜೆ ಇಳಿಸಬೇಕು. ಎಲ್ಲೆಡೆಯೂ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿ ಮಸುಕಾಗಿದ್ದರೆ ಅದು ಅಳತೆ ಬದಲಾದ ಲಕ್ಷಣ. ಬಣ್ಣದ ಅಕ್ಷರಗಳು ಮಾತ್ರ ಮಸುಕಾಗಿದ್ದು ಕಪ್ಪು ಅಕ್ಷರಗಳು ಚೆನ್ನಾಗಿದ್ದರೆ ಈಗಷ್ಟೇ ಹೇಳಿದ ಬಣ್ಣದ ತೊಂದರೆ.

ಎವಿ1 ಎಂಬ ಹೊಸ ಕೋಡೆಕ್‌ನಲ್ಲಿ ಪರದೆಯ ಚಿತ್ರಗಳಿಗೆಂದೇ ಮಾಡಿದ ಸೌಲಭ್ಯಗಳಿವೆ. ಒಂದೇ ಅಕ್ಷರ ಮತ್ತೆ ಬಂದಾಗ ಅದೇ ಚಿತ್ರದ ಬೇರೊಂದು ಕಡೆಯಿಂದ ಅದನ್ನು ನಕಲು ಮಾಡಿಕೊಳ್ಳುವ ಉಪಾಯವೂ ಅದರಲ್ಲಿದೆ. ಅದರಿಂದ ಕಡತ ಇನ್ನೂ ಕಿರಿದಾಗಬಲ್ಲದು. ಆದರೆ ಹಳೆಯ ಫೋನುಗಳಲ್ಲಿ ಅದಕ್ಕೆ ಬೇಕಾದ ಯಂತ್ರಾಂಶ ಇಲ್ಲದ ಕಾರಣ, ಈ ಪಾಠದ ಮಟ್ಟಿಗೆ ನಾನು ಎಚ್.264ನ್ನೇ ಉಳಿಸಿಕೊಂಡೆ.

ಕಳಿಸುವಾಗ ಒಂದು ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಸೇರಿಸಿದರೆ ಅದು ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸಿ ಅಕ್ಷರಗಳನ್ನು ಕೆಡಿಸುತ್ತದೆ. ಡಾಕ್ಯುಮೆಂಟ್ ಎಂದು ಸೇರಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಯೂಟ್ಯೂಬ್‌ಗೆ ಏರಿಸುವವರು ಈ 31 ಎಂಬಿಯ ಕಡತವನ್ನು ಕೊಡಲೇಬೇಡಿ. ಅಲ್ಲಿ ಹೇಗಿದ್ದರೂ ಹೊಸದಾಗಿ ಕುಗ್ಗಿಸುತ್ತಾರಾದ್ದರಿಂದ, 550 ಎಂಬಿಯ ಮೂಲವನ್ನೇ ಏರಿಸಿ.